ರಸ್ತೆ ಕಾಮಗಾರಿ ನಡೆಯುವಲ್ಲಿ ವಾಹನ ಚಾಲನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು–ಮಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಓಡಾಡುವವರಿಗೆ ಕಾಮಗಾರಿ ಹೊಸದಲ್ಲ. ಶಿರಾಡಿ ಘಾಟಿಗೆ ಕಾಂಕ್ರೀಟ್ ಹಾಕಲು 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ತಿಂಗಳುಗಟ್ಟಲೆ ರಸ್ತೆ ಮುಚ್ಚಿತ್ತು. ಘಾಟಿಯ ಮೇಲೆ ಹಾಸನ–ಮಾರನಹಳ್ಳಿ ನಡುವೆಯೂ ಕೆಳಗೆ ಬಿ.ಸಿ.ರೋಡ್–ಅಡ್ಡಹೊಳೆ ನಡುವೆಯೂ ಚತುಷ್ಪಥದ ಕೆಲಸ ವರ್ಷಗಳ ಕಾಲ ಎಳೆಯಿತು. ಹಾಗಾಗಿ ಇಲ್ಲಿನ ಉದಾಹರಣೆಗಳೆಲ್ಲ ಆ ದಾರಿಯವು. ನಿಯಮಗಳು ಎಲ್ಲ ರಸ್ತೆಗೂ ಒಂದೇ.

ಕಾಮಗಾರಿ ವಲಯ ಎಲ್ಲಿಂದ ಶುರುವಾಗುತ್ತದೆ? ಹಿಟಾಚಿ, ರೋಲರ್ ಕಾಣಿಸಿದ ಮೇಲೆ ತಾನೇ?

ಅಲ್ಲ. ಯಂತ್ರ ಕಾಣಿಸುವ ಹೊತ್ತಿಗೆ ನೀವು ವಲಯದ ನಡುವಿಗೆ ಬಂದಿರುತ್ತೀರಿ. ಭಾರತೀಯ ರಸ್ತೆ ಕಾಂಗ್ರೆಸ್ ಕಾಮಗಾರಿ ಸ್ಥಳದ ಸಂಚಾರ ನಿರ್ವಹಣೆಗೆಂದೇ ಒಂದು ಮಾರ್ಗಸೂಚಿ ಹೊರಡಿಸಿದೆ. ಎಂಜಿನಿಯರುಗಳ ಬಾಯಲ್ಲಿ ಅದು ‘ಎಸ್‌ಪಿ 55’. ಅದರ ಲೆಕ್ಕದಲ್ಲಿ ವಲಯಕ್ಕೆ ನಾಲ್ಕು ಭಾಗಗಳು. ಮೊದಲನೆಯದು ಮುನ್ನೆಚ್ಚರಿಕೆಯ ಭಾಗ. ಅಲ್ಲಿ ರಸ್ತೆ ಎಂದಿನಂತೆಯೇ ಇರುತ್ತದೆ, ಫಲಕಗಳು ಮಾತ್ರ ನಿಂತಿರುತ್ತವೆ. ಎರಡನೆಯದರಲ್ಲಿ ಕೋನ್‌ಗಳ ಓರೆ ಸಾಲು ನಿಮ್ಮನ್ನು ನಿಮ್ಮ ಪಥದಿಂದ ಪಕ್ಕಕ್ಕೆ ಸರಿಸುತ್ತದೆ. ಮೂರನೆಯದು ಕೆಲಸದ ಜಾಗ. ನಾಲ್ಕನೆಯದು ನಿಮ್ಮನ್ನು ಮತ್ತೆ ಮೂಲ ಪಥಕ್ಕೆ ಸೇರಿಸುವ ಭಾಗ.

ಚಾಲಕನ ಕೆಲಸದಲ್ಲಿ ಹೆಚ್ಚಿನದು ಮುಗಿಯಬೇಕಾದದ್ದು ಮೊದಲ ಭಾಗದಲ್ಲಿ. ನಮ್ಮಲ್ಲಿ ಬಹುಪಾಲು ಜನ ಅದನ್ನು ರಸ್ತೆಯ ಅಲಂಕಾರವೆಂದು ತಿಳಿದು ದಾಟಿಬಿಡುತ್ತಾರೆ, ಎರಡನೆಯ ಭಾಗಕ್ಕೆ ಬಂದು ಬ್ರೇಕ್ ತುಳಿಯುತ್ತಾರೆ. ಹಿಂದಿನ ಲಾರಿ ಬಂದು ಗುದ್ದುವುದು ಅಲ್ಲೇ.

ಇಷ್ಟೊಂದು ಫಲಕಗಳಲ್ಲಿ ಯಾವುದನ್ನು ಪಾಲಿಸಲೇಬೇಕು, ಯಾವುದು ಬರೀ ಸೂಚನೆ?

ಆಕಾರ ನೋಡಿ. ಕೆಂಪು ಅಂಚಿನ ಅಥವಾ ಕೆಂಪು ಹಿನ್ನೆಲೆಯ ದುಂಡು ಫಲಕ ಆಜ್ಞೆ. ಮೋಟಾರು ವಾಹನ ಕಾಯ್ದೆಯ 119ನೇ ಕಲಂ ‘ಕಡ್ಡಾಯ ಸಂಚಾರ ಚಿಹ್ನೆ’ ಎಂದು ಕರೆಯುವುದು ಮುಖ್ಯವಾಗಿ ಇದನ್ನೇ. ದುಂಡು ಫಲಕದೊಳಗೆ 40 ಎಂದಿದ್ದರೆ ಅದೇ ನಿಮ್ಮ ಗರಿಷ್ಠ ವೇಗ. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ. ಸಲಿಕೆ ಹಿಡಿದ ಮನುಷ್ಯ, ಕಿರಿದಾಗುವ ರಸ್ತೆ, ಎರಡೂ ಕಡೆಯ ಸಂಚಾರ, ಇವೆಲ್ಲ ತ್ರಿಕೋನದಲ್ಲಿ ಬರುತ್ತವೆ. ಆಯತಾಕಾರದ ಫಲಕದಲ್ಲಿ ಮಾಹಿತಿ, ದಿಕ್ಕು, ದೂರಗಳಿರುತ್ತವೆ.

‘ನಿಧಾನವಾಗಿ ಚಲಿಸಿ’ ಎಂದು ಫ್ಲೆಕ್ಸ್ ಮೇಲೆ ಬರೆದು ಗೂಟಕ್ಕೆ ಕಟ್ಟಿದ್ದರೆ ಅದು ದುಂಡು ಫಲಕದ ಅರ್ಥದಲ್ಲಿ ಆಜ್ಞೆಯಲ್ಲ. ಹಾಗೆಂದು ಅದನ್ನು ಕಡೆಗಣಿಸಿ ಅಪಘಾತ ಮಾಡಿಕೊಂಡರೆ ‘ಅದು ಅಧಿಕೃತ ಫಲಕವಲ್ಲ’ ಎಂಬ ವಾದ ನಿಮ್ಮನ್ನು ಕಾಯುವುದಿಲ್ಲ. ಎಚ್ಚರಿಕೆ ಕಣ್ಣಿಗೆ ಬಿದ್ದಿತ್ತು, ಆದರೂ ನೀವು ನಿಧಾನಿಸಲಿಲ್ಲ ಎಂಬುದೇ ನಿರ್ಲಕ್ಷ್ಯಕ್ಕೆ ಪುರಾವೆಯಾಗುತ್ತದೆ.

ಈ ದಾರಿಯಲ್ಲಿ ದಿನವೂ 80ರಲ್ಲಿ ಹೋಗುತ್ತೇನೆ. ನಿನ್ನೆಯಷ್ಟೇ ಯಾರೋ 40ರ ಫಲಕ ನಿಲ್ಲಿಸಿದ್ದಾರೆ. ಗೆಜೆಟ್‌ನಲ್ಲಿ ಬಾರದ ವೇಗಮಿತಿಗೆ ಬೆಲೆ ಇದೆಯೇ?

ಇದೆ. ಒಂದು ರಸ್ತೆಗೆ ಪ್ರತ್ಯೇಕ ವೇಗಮಿತಿ ಹೇರಲು ಅಧಿಸೂಚನೆ ಹೊರಡಿಸಬೇಕು ಎಂಬುದು ಕಾಯ್ದೆಯ 112ನೇ ಕಲಮಿನ ಸಾಮಾನ್ಯ ನಿಯಮ. ಆದರೆ ಅದೇ ಕಲಮಿನಲ್ಲಿ ಒಂದು ವಿನಾಯಿತಿಯೂ ಇದೆ: ನಿರ್ಬಂಧ ಒಂದು ತಿಂಗಳಿಗಿಂತ ಹೆಚ್ಚು ಕಾಲ ಇರದಿದ್ದರೆ ಅಧಿಸೂಚನೆಯ ಅಗತ್ಯವಿಲ್ಲ. ಮೋರಿ ಕಟ್ಟುವುದು, ಡಾಂಬರಿನ ಹೊಸ ಪದರ ಹಾಕುವುದು ಮುಂತಾದ ಸಣ್ಣ ಕೆಲಸಗಳ ತಾತ್ಕಾಲಿಕ ಮಿತಿ ಹೀಗೆ ಬರುತ್ತದೆ. ವರ್ಷಗಟ್ಟಲೆ ನಡೆಯುವ ಚತುಷ್ಪಥ ಕಾಮಗಾರಿಗೆ ಅಧಿಸೂಚನೆ ಬೇಕು.

ಫಲಕ ನಿಲ್ಲಿಸುವ ಅಧಿಕಾರದ ಮಾತು ಬೇರೆ. ಅದು 116ನೇ ಕಲಮಿನಲ್ಲಿದೆ. 2019ರ ತಿದ್ದುಪಡಿಯ ನಂತರ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಹೆದ್ದಾರಿ ಪ್ರಾಧಿಕಾರವೇ ಚಿಹ್ನೆಗಳನ್ನು ಹಾಕಿಸಬಹುದು, ತೆಗೆಸಬಹುದು. ಗುತ್ತಿಗೆದಾರನ ಆಳು ಫಲಕ ನೆಟ್ಟಿದ್ದನ್ನು ನೀವು ಕಣ್ಣಾರೆ ಕಂಡಿರಬಹುದು. ನೆಟ್ಟ ಕೈ ಯಾರದು ಎಂಬುದರಿಂದ ಫಲಕದ ಬೆಲೆ ಕಡಿಮೆಯಾಗುವುದಿಲ್ಲ, ನೆಡಿಸಿದವರಿಗೆ ಅಧಿಕಾರ ಇತ್ತೇ ಎಂಬುದು ಮುಖ್ಯ. ಅದನ್ನು ಸ್ಟಿಯರಿಂಗ್ ಹಿಡಿದುಕೊಂಡು ವಿಚಾರಣೆ ಮಾಡಲಾಗದು. ಮೊದಲು ಪಾಲಿಸಿ, ಅನುಮಾನವಿದ್ದರೆ ಆಮೇಲೆ ದೂರು ಕೊಡಿ.

ಅದೇಕೆ 40? ಅಷ್ಟು ಒಳ್ಳೆಯ ರಸ್ತೆಯಲ್ಲಿ 60 ಆದರೂ ಇಡಬಾರದೇ?

ಈ ಪ್ರಶ್ನೆಗೆ ನಿಜವಾದ ಉತ್ತರ ರಾತ್ರಿಯಲ್ಲಿದೆ. ಅಡ್ಡಿ ಕಂಡ ಕ್ಷಣದಿಂದ ವಾಹನ ಪೂರ್ತಿ ನಿಲ್ಲುವವರೆಗೆ ಎಷ್ಟು ದೂರ ಬೇಕೆಂದು ರಸ್ತೆ ಕಾಂಗ್ರೆಸ್ ಲೆಕ್ಕ ಹಾಕಿಟ್ಟಿದೆ. ಗಂಟೆಗೆ 80 ಕಿಲೋಮೀಟರ್ ವೇಗಕ್ಕೆ 120 ಮೀಟರ್ ಬೇಕು, 60ಕ್ಕೆ 80 ಮೀಟರ್, 40ಕ್ಕೆ 45 ಮೀಟರ್. ಚಾಲಕ ನೋಡಿ, ಅರ್ಥ ಮಾಡಿಕೊಂಡು, ಕಾಲನ್ನು ಬ್ರೇಕಿಗೆ ತರುವುದಕ್ಕೆ ಎರಡೂವರೆ ಸೆಕೆಂಡು ಇದರಲ್ಲಿ ಸೇರಿದೆ. 80ರ ವೇಗದಲ್ಲಿ ಆ ಎರಡೂವರೆ ಸೆಕೆಂಡಿನಲ್ಲೇ ಸುಮಾರು 55 ಮೀಟರ್ ಕಳೆದುಹೋಗಿರುತ್ತದೆ, ಬ್ರೇಕ್ ಇನ್ನೂ ಹಿಡಿದೇ ಇರುವುದಿಲ್ಲ.

ಈಗ ಉಪ್ಪಿನಂಗಡಿಯಿಂದ ಗುಂಡ್ಯದ ಕಡೆಗೆ ರಾತ್ರಿ ಹತ್ತು ಗಂಟೆಗೆ ಹೊರಟ ಕಾರೊಂದನ್ನು ಊಹಿಸಿಕೊಳ್ಳಿ. ಎದುರಿನಿಂದ ವಾಹನಗಳು ಬರುತ್ತಲೇ ಇವೆ, ಆದ್ದರಿಂದ ಹೆಡ್‌ಲೈಟ್ ಡಿಮ್‌ನಲ್ಲಿದೆ. ಡಿಮ್ ಬೆಳಕಿನಲ್ಲಿ, ಮಿನುಗುಪಟ್ಟಿ ಇಲ್ಲದ ವಸ್ತು ಸ್ಪಷ್ಟವಾಗಿ ಕಾಣುವುದು ಐವತ್ತು ಮೀಟರಿನ ಆಸುಪಾಸಿನಲ್ಲಿ. ರಸ್ತೆಯ ಅಂಚಿನಲ್ಲಿ ಸುರಿದ ಜಲ್ಲಿಯ ರಾಶಿ, ಹಿಂದಿನ ದೀಪ ಕೆಟ್ಟ ಟಿಪ್ಪರ್, ಬಣ್ಣಗೆಟ್ಟ ಅಂಗಿಯ ಕಾರ್ಮಿಕ, ಎಲ್ಲವೂ ಈ ಲೆಕ್ಕಕ್ಕೇ ಬರುತ್ತವೆ. 40ರಲ್ಲಿದ್ದರೆ 45 ಮೀಟರಿನಲ್ಲಿ ನಿಲ್ಲುತ್ತೀರಿ, ಬಚಾವಾದಿರಿ. 60ರಲ್ಲಿದ್ದರೆ ನಿಲ್ಲಲು 80 ಮೀಟರ್ ಬೇಕು, ಇರುವುದು ಐವತ್ತು. ಚಾಲಕ ಎಷ್ಟೇ ನಿಪುಣನಾದರೂ ಉಳಿದ ಮೂವತ್ತು ಮೀಟರ್ ಹುಟ್ಟುವುದಿಲ್ಲ. 40 ಎಂಬ ಸಂಖ್ಯೆಯ ಹಿಂದಿನ ತರ್ಕ ಇದು.

ಹಗಲಿಗೆ ಇನ್ನೊಂದು ಕಾರಣವಿದೆ, ಅದು ಅಗಲ. ಕೋನ್ ಇಟ್ಟಮೇಲೆ ನಿಮ್ಮ ಪಾಲಿಗೆ 3.2 ಮೀಟರ್ ಉಳಿಯಿತು ಎನ್ನಿ. ಬಸ್ಸು 2.6 ಮೀಟರಿನವರೆಗೆ ಅಗಲ ಇರಬಹುದು. ಎರಡೂ ಬದಿಗೆ ಉಳಿಯುವುದು ಒಂದೊಂದು ಅಡಿ, ಕನ್ನಡಿಗಳು ಚಾಚಿಕೊಂಡಿರುವುದು ಆ ಒಂದಡಿಯಲ್ಲೇ. ವೇಗ ಹೆಚ್ಚಿದಷ್ಟೂ ಸ್ಟಿಯರಿಂಗಿನ ಸಣ್ಣ ಅಲುಗಾಟವೂ ಆ ಅಡಿಯನ್ನು ನುಂಗುತ್ತದೆ.

ಇಷ್ಟಕ್ಕೂ ಕಳೆದುಕೊಳ್ಳುವ ಸಮಯ ಎಷ್ಟು? ಎರಡು ಕಿಲೋಮೀಟರಿನ ಕಾಮಗಾರಿಯನ್ನು 80ರಲ್ಲಿ ದಾಟಲು ಒಂದೂವರೆ ನಿಮಿಷ ಸಾಕು, 40ರಲ್ಲಿ ಮೂರು ನಿಮಿಷ. ವ್ಯತ್ಯಾಸ ಒಂದೂವರೆ ನಿಮಿಷ. ಮುಂದೆ ಸಕಲೇಶಪುರದಲ್ಲಿ ಕಾಫಿಗೆ ಅದಕ್ಕಿಂತ ಹೆಚ್ಚು ಹೊತ್ತು ಕಾಯುತ್ತೀರಿ.

ವೇಗ ಇಳಿಸುವುದು ಎಲ್ಲಿಂದ? 40ರ ಫಲಕದ ಬಳಿ ಬಂದ ಮೇಲೆ ಸಾಲದೇ?

ಫಲಕ ದಾಟುವಾಗ ನೀವು 40ರಲ್ಲಿ ಇರಬೇಕು. ‘ಕಾಮಗಾರಿ 500 ಮೀಟರ್ ಮುಂದೆ’ ಎಂಬ ಫಲಕ ಕಂಡಾಗ 80ರಲ್ಲಿದ್ದರೆ ನಿಮ್ಮ ಕೈಯಲ್ಲಿ ಇಪ್ಪತ್ತೆರಡು ಸೆಕೆಂಡು ಇದೆ. ಪ್ರಯಾಣಿಕರಿಗೆ ಗೊತ್ತೂ ಆಗದಷ್ಟು ಮೆತ್ತಗೆ ಬ್ರೇಕ್ ಒತ್ತಿದರೂ 80ರಿಂದ 40ಕ್ಕೆ ಇಳಿಯಲು ಸುಮಾರು 125 ಮೀಟರ್ ಸಾಕು. ಹಾಗಾಗಿ ಮೊದಲು ಕನ್ನಡಿ ನೋಡಿ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಹಿಂದೆ ಭಾರದ ಲಾರಿ ಅಂಟಿಕೊಂಡು ಬರುತ್ತಿದ್ದರೆ ಬ್ರೇಕನ್ನು ಎರಡು ಮೂರು ಸಲ ಹಗುರವಾಗಿ ಮುಟ್ಟಿ, ಹಿಂದಿನ ಕೆಂಪು ದೀಪ ಅವನಿಗೆ ಸುದ್ದಿ ಮುಟ್ಟಿಸುತ್ತದೆ. ಚಲಿಸುತ್ತಿರುವಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗುವ ನಮ್ಮ ಚಾಳಿ ಇಲ್ಲಿ ಅಪಾಯ: ನೀವು ಯಾವ ಪಥಕ್ಕೆ ಸರಿಯುತ್ತಿದ್ದೀರಿ ಎಂಬುದನ್ನೇ ಅದು ಮರೆಮಾಡುತ್ತದೆ. ಸಾಲಿನ ಕೊನೆಯಲ್ಲಿ ಪೂರ್ತಿ ನಿಂತು, ಹಿಂದೆ ಇನ್ನೂ ಯಾರೂ ಬಂದಿಲ್ಲವಾದರೆ ಆಗ ಹಾಕಿ.

ಭಾನುವಾರ, ಒಬ್ಬ ಕೆಲಸಗಾರನೂ ಇಲ್ಲ. ಆದರೂ ಕೋನ್, ವೇಗಮಿತಿ ಏಕೆ?

ಕೆಲಸಗಾರ ಹೋದ ಮೇಲೂ ಅಪಾಯ ಅಲ್ಲೇ ಇರುತ್ತದೆ. ಅಗೆದ ಗುಂಡಿ, ಹಳೆಯ ಮತ್ತು ಹೊಸ ಪದರದ ನಡುವಿನ ಮೆಟ್ಟಿಲು, ಕಬ್ಬಿಣದ ಸರಳು ತೆರೆದ ಮೋರಿ ಭಾನುವಾರ ರಜೆ ಹಾಕುವುದಿಲ್ಲ. ಕಾಂಕ್ರೀಟ್ ರಸ್ತೆಯಲ್ಲಂತೂ ‘ಏನೂ ನಡೆಯುತ್ತಿಲ್ಲ’ ಎಂದು ಕಾಣುವ ದಿನಗಳೇ ಮುಖ್ಯ. ಹಾಕಿದ ಕಾಂಕ್ರೀಟಿನ ಮೇಲೆ ಒದ್ದೆ ಗೋಣಿ ಹಾಸಿ, ನೀರು ಉಣಿಸಿ, ಬಲ ಬರುವವರೆಗೆ ಕಾಯಬೇಕು. ಬಲದ ಲೆಕ್ಕ ಹಾಕುವುದು ಸಾಮಾನ್ಯವಾಗಿ 28 ದಿನಕ್ಕೆ. ಶಿರಾಡಿ ಘಾಟಿಯನ್ನು ಅಷ್ಟು ದಿನ ಮುಚ್ಚಿದ್ದಕ್ಕೆ ಇದೂ ಒಂದು ಕಾರಣ. ಅರ್ಧ ಬಲ ಬಂದ ಚಪ್ಪಡಿಯ ಮೇಲೆ ಕೋನ್ ಸರಿಸಿ ಹೋದ ಲಾರಿಯ ಗುರುತು ಆ ದಿನ ಕಾಣದಿದ್ದರೂ ಮುಂದಿನ ವರ್ಷ ಬಿರುಕಾಗಿ ಕಾಣುತ್ತದೆ. ಡಾಂಬರಿನ ಪದರ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ, ಆದರೆ ಬಿಸಿ ಆರುವ ಮುನ್ನ ಚಕ್ರ ಹತ್ತಿದರೆ ಗಾಡಿ ಜಾಡು ಅಲ್ಲೇ ಅಚ್ಚೊತ್ತುತ್ತದೆ.

ಕೆಲಸ ನಿಜವಾಗಿ ಮುಗಿದು, ರಸ್ತೆ ಸರಿಯಾಗಿ, ಫಲಕ ಮಾತ್ರ ಮರೆತು ಉಳಿದಿರುವುದೂ ಉಂಟು. ಇದು ಇಲಾಖೆಯ ತಪ್ಪು, ಸಣ್ಣ ತಪ್ಪೂ ಅಲ್ಲ. ಸುಳ್ಳು ಫಲಕ ನೋಡಿ ಅಭ್ಯಾಸವಾದವನು ನಿಜವಾದದ್ದನ್ನೂ ನಂಬುವುದಿಲ್ಲ. ಆದರೂ ಕಾರಿನೊಳಗೆ ಕುಳಿತು ಇದು ಮರೆತ ಫಲಕ, ಇದು ನಿಜವಾದದ್ದು ಎಂದು ತೀರ್ಮಾನಿಸುವ ದಾರಿ ಚಾಲಕನಿಗಿಲ್ಲ.

ಕೋನ್‌ಗಳ ನಡುವೆ ಜಾಗ ಇದೆ. ಅಲ್ಲಿ ನುಗ್ಗಿದರೆ ತಪ್ಪೇ?

ಕೋನ್‌ಗಳ ಸಾಲನ್ನು ಗೋಡೆ ಎಂದುಕೊಳ್ಳಿ. ಹಗುರವಾದ ಪ್ಲಾಸ್ಟಿಕ್ ಇಡುವುದು ಅದಕ್ಕೆ ಡಿಕ್ಕಿಯಾದರೆ ನಿಮಗೆ ಪೆಟ್ಟಾಗಬಾರದೆಂದು, ದಾಟಲಿ ಎಂದಲ್ಲ. ಸಾಲು ಓರೆಯಾಗಿದ್ದರೆ ನಿಮ್ಮ ಪಥ ಮುಗಿಯುತ್ತಿದೆ ಎಂದರ್ಥ, ನೇರವಾಗಿದ್ದರೆ ಹೊಸ ಪಥದ ಅಂಚು. ನೆಲದ ಮೇಲೆ ಹಳೆಯ ಬಿಳಿ ಗೆರೆ ಇನ್ನೂ ಕಾಣುತ್ತಿದ್ದು, ಕೋನ್ ಬೇರೆಯದನ್ನು ಹೇಳುತ್ತಿದ್ದರೆ ಕೋನ್ ಮಾತೇ ಕೊನೆಯದು. ಮಳೆಯ ರಾತ್ರಿಯಲ್ಲಿ ಹಳೆಯ ಗೆರೆ ಹೊಳೆದು ದಾರಿ ತಪ್ಪಿಸುವುದು ನಿಜ, ಆಗ ಕೋನಿನ ಬಿಳಿ ಮಿನುಗುಪಟ್ಟಿಗಳನ್ನು ಹುಡುಕಿ.

ಬಹಳ ಕಡೆ ಕೋನ್ ಬದಲು ಮರಳು ತುಂಬಿದ ಡ್ರಮ್, ನೀರು ತುಂಬಿದ ಪ್ಲಾಸ್ಟಿಕ್ ತಡೆ, ಸುಣ್ಣ ಬಳಿದ ಕಲ್ಲು ಇರುತ್ತವೆ. ಕಲ್ಲು ಇಡುವುದು ಕೆಟ್ಟ ಪದ್ಧತಿ. ಬೈಕ್ ಸವಾರನಿಗೆ ಕಾಮಗಾರಿಯ ಗುಂಡಿಗಿಂತ ಆ ಕಲ್ಲೇ ಹೆಚ್ಚು ಅಪಾಯ. ಕಂಡರೆ ದೂರು ಕೊಡುವ ವಿಷಯ ಅದು.

ನಿಮ್ಮ ವಾಹನ ತಗುಲಿ ಫಲಕ ಉರುಳಿ ಕೆಟ್ಟರೆ ಹಾಗೆಯೇ ಹೋಗುವಂತಿಲ್ಲ. ಆಕಸ್ಮಿಕವಾಗಿ ಸಂಚಾರ ಚಿಹ್ನೆಯನ್ನು ನಿರುಪಯುಕ್ತ ಮಾಡಿದವರು ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಪೊಲೀಸರಿಗೆ ತಿಳಿಸಬೇಕೆಂದು 116ನೇ ಕಲಂ ಹೇಳುತ್ತದೆ. ಬೇಕೆಂದೇ ಸರಿಸುವುದು, ತೆಗೆಯುವುದು, ವಿರೂಪಗೊಳಿಸುವುದಕ್ಕೆ ನಿಷೇಧವೇ ಇದೆ. ತಮ್ಮ ಹೋಟೆಲಿಗೆ ಗಿರಾಕಿ ತಿರುಗಲೆಂದು ಕೋನ್ ಪಕ್ಕಕ್ಕಿಡುವವರಿಗೂ ಇದು ಅನ್ವಯಿಸುತ್ತದೆ.

ಒಂದು ಬದಿಯ ರಸ್ತೆ ಮುಚ್ಚಿ ಎರಡೂ ಕಡೆಯ ವಾಹನಗಳನ್ನು ಇನ್ನೊಂದೇ ಬದಿಯಲ್ಲಿ ಬಿಟ್ಟಿದ್ದಾರೆ. ಅಲ್ಲಿ ಏನು ಗಮನಿಸಬೇಕು?

ಚತುಷ್ಪಥ ಕಾಮಗಾರಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವ ಜಾಗ ಇದೇ. ನೀವು ಆ ಬದಿಗೆ ದಾಟುತ್ತೀರಿ. ಕಣ್ಣ ಮುಂದೆ ಎರಡು ಪಥಗಳ ಅಗಲ ರಸ್ತೆ, ಎಡಕ್ಕೆ ವಿಭಜಕ. ಒಂದೆರಡು ನಿಮಿಷ ಎದುರು ಯಾರೂ ಬರಲಿಲ್ಲವೆಂದರೆ ಮನಸ್ಸು ಇದನ್ನು ಎಂದಿನ ಏಕಮುಖ ರಸ್ತೆ ಎಂದುಕೊಂಡುಬಿಡುತ್ತದೆ. ಮುಂದಿನ ಲಾರಿ ನಿಧಾನ, ಬಲಗಡೆಯ ಪಥ ಖಾಲಿ, ಹಿಂದಿಕ್ಕಲು ಬಲಕ್ಕೆ ಬರುತ್ತೀರಿ. ಆ ಪಥ ಈಗ ಎದುರಿನವರದು.

ಇದನ್ನು ತಡೆಯಲು ಎರಡೂ ಕಡೆಯ ಸಂಚಾರ ಸೂಚಿಸುವ ತ್ರಿಕೋನ ಫಲಕವನ್ನು ಮತ್ತೆ ಮತ್ತೆ ಹಾಕಬೇಕು, ನಡುವೆ ಕೋನ್ ಅಥವಾ ಕಂಬಗಳ ಸಾಲಿರಬೇಕು. ಸಾಲು ಕಾಣದಿದ್ದರೆ ನೀವೇ ಗುರುತು ಹಿಡಿಯಬೇಕು. ವಿಭಜಕ ನಿಮ್ಮ ಎಡಕ್ಕೆ ಇದೆಯೇ? ದೊಡ್ಡ ಹಸಿರು ಫಲಕಗಳ ಬೆನ್ನು ಕಾಣುತ್ತಿದೆಯೇ? ಹಾಗಿದ್ದರೆ ನೀವು ಇರುವುದು ಎದುರು ದಿಕ್ಕಿನವರಿಗೆಂದು ಕಟ್ಟಿದ ಬದಿಯಲ್ಲಿ. ಮತ್ತೆ ನಿಮ್ಮ ಬದಿಗೆ ದಾಟುವವರೆಗೆ ಎಡಪಥ ಬಿಡಬೇಡಿ, ಹಿಂದಿಕ್ಕುವ ಯೋಚನೆಯೇ ಬೇಡ. ಹಗಲಿನಲ್ಲಿಯೂ ಹೆಡ್‌ಲೈಟ್ ಡಿಮ್‌ನಲ್ಲಿ ಉರಿಯಲಿ.

ಎರಡು ಪಥ ಒಂದಾಗುವಲ್ಲಿ ಯಾರು ಮೊದಲು ಹೋಗಬೇಕು?

ಮುಗಿಯುತ್ತಿರುವ ಪಥದಲ್ಲಿರುವವರು ಪಥ ಬದಲಿಸುವವರು, ಆದ್ದರಿಂದ ಜಾಗ ನೋಡಿ ಸೇರುವ ಹೊಣೆ ಅವರದು. ಆದರೆ ಎರಡೂ ಸಾಲು ತೆವಳುತ್ತಿರುವಾಗ ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು ಎಂದು ಸೇರುವುದೇ ಬೇಗ ಮುಗಿಯುವ ದಾರಿ. ಮಣ್ಣಿನ ಅಂಚಿಗಿಳಿದು ಮೂರನೆಯ ಸಾಲು ಕಟ್ಟುವವರು ಸೇರುವ ಬಾಯಿಯನ್ನೇ ಮುಚ್ಚುತ್ತಾರೆ.

ಬಾವುಟ ಹಿಡಿದ ಹುಡುಗ ಪೊಲೀಸ್ ಅಲ್ಲ. ಅವನ ಮಾತು ಕೇಳಬೇಕೇ?

ಸಂಚಾರ ನಿಯಂತ್ರಿಸುತ್ತಿರುವ ಪೊಲೀಸ್ ಅಧಿಕಾರಿಯ ಸೂಚನೆಗೆ 119ನೇ ಕಲಂ ನೇರವಾಗಿ ಬಲ ಕೊಡುತ್ತದೆ. ಬಾವುಟದವನಿಗೆ ಆ ಸಮವಸ್ತ್ರವಿಲ್ಲ. ಆದರೆ ತಿರುವಿನ ಆಚೆ ಏನಿದೆ ಎಂದು ಅವನಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಅವನ ಕೆಂಪು ಬಾವುಟ ದಾಟಿ ಎದುರಿನಿಂದ ಬಿಟ್ಟ ಬಸ್ಸಿಗೆ ಮುಖಾಮುಖಿಯಾದರೆ, ಅಪಾಯಕಾರಿ ಚಾಲನೆಯ 184ನೇ ಕಲಮಿಗೆ ಬೇಕಾದ ಸಾಕ್ಷಿ ಅಲ್ಲಿರುವವರೆಲ್ಲರೂ.

ಏಕಪಥದಲ್ಲಿ ಸರದಿ ಮೇಲೆ ಬಿಡುವ ವ್ಯವಸ್ಥೆ ಹೀಗೆ ನಡೆಯುತ್ತದೆ. ಎರಡು ತುದಿಯಲ್ಲಿ ಇಬ್ಬರು, ಮೊಬೈಲ್ ಅಥವಾ ವಾಕಿಟಾಕಿಯಲ್ಲಿ ಮಾತು. ಈ ಕಡೆ ಹಸಿರು ತೋರಿಸಿ ಒಂದಷ್ಟು ವಾಹನ ಬಿಟ್ಟು, ಕೊನೆಯದರ ಬಣ್ಣವನ್ನೋ ನೋಂದಣಿ ಸಂಖ್ಯೆಯನ್ನೋ ಆಚೆಯವನಿಗೆ ಹೇಳುತ್ತಾರೆ. ಮಾತು ಮುಟ್ಟದ ಕಾಡಿನ ನಡುವೆ, ಕೊನೆಯ ವಾಹನದವರ ಕೈಗೆ ಬಾವುಟವನ್ನೇ ಕೊಟ್ಟು ಕಳುಹಿಸುವುದೂ ಉಂಟು. ಕೊನೆಯದು ಎಂದು ಹೇಳಿದ ಮೇಲೆ ಅದರ ಹಿಂದೆ ನುಸುಳಿದ ಒಂದೇ ಬೈಕ್ ಈ ಲೆಕ್ಕ ಕೆಡಿಸುತ್ತದೆ: ಆಚೆಯವನು ದಾರಿ ಖಾಲಿ ಎಂದು ತಿಳಿದು ಲಾರಿ ಬಿಟ್ಟಿರುತ್ತಾನೆ.

ಕಾಯುವಾಗ ಎದುರಿನವರ ಪಥದಲ್ಲಿ ಎರಡನೆಯ ಸಾಲು ಕಟ್ಟಬೇಡಿ. ಆಚೆಯಿಂದ ಬಂದವರಿಗೆ ಹೊರಬೀಳಲು ಜಾಗವಿಲ್ಲದೆ ಎರಡು ಕಡೆಯೂ ಬೀಗ ಬೀಳುತ್ತದೆ. ಘಾಟಿಯಲ್ಲಿ ಒಂದು ಗಂಟೆಯ ಟ್ರಾಫಿಕ್ ಜಾಮ್ ಹುಟ್ಟುವುದು ಎಷ್ಟೋ ಸಲ ಕಾಮಗಾರಿಯಿಂದಲ್ಲ, ಹೀಗೆ ಮುಂದೆ ಬಂದು ನಿಂತ ಮೂರು ಕಾರುಗಳಿಂದ.

‘ಬದಲಿ ಮಾರ್ಗ’ ಎಂಬ ಫಲಕ ಕಡ್ಡಾಯವೇ? ಮೊಬೈಲ್ ನಕ್ಷೆ ನೇರ ದಾರಿಯನ್ನೇ ತೋರಿಸುತ್ತಿದೆ.

ದಾರಿ ಮುಚ್ಚುವುದು, ಯಾವುದೋ ಗಾತ್ರದ ವಾಹನವನ್ನು ನಿಷೇಧಿಸುವುದು 115ನೇ ಕಲಮಿನ ಅಧಿಕಾರ. ಕರ್ನಾಟಕದಲ್ಲಿ ಆಯಾ ಜಿಲ್ಲಾಧಿಕಾರಿ ಆದೇಶ ಹೊರಡಿಸುತ್ತಾರೆ. ಪತ್ರಿಕೆಯಲ್ಲಿ ಬರುವ ಆ ಆದೇಶದಲ್ಲಿ ಈ ಕಲಮಿನ ಜೊತೆ 1989ರ ಕರ್ನಾಟಕ ಮೋಟಾರು ವಾಹನ ನಿಯಮಗಳ 221(ಎ)(5) ಎಂಬುದನ್ನೂ ಕಾಣುತ್ತೀರಿ. ಒಂದು ತಿಂಗಳಿಗೆ ಮೀರದ ನಿರ್ಬಂಧಕ್ಕೆ ಗೆಜೆಟ್ ಬೇಡ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು.

ಆದೇಶವನ್ನು ಪೂರ್ತಿ ಓದಿ, ಏಕೆಂದರೆ ಬದಲಿ ಮಾರ್ಗ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಶಿರಾಡಿ ಮುಚ್ಚಿದಾಗ ಕಾರು, ಜೀಪುಗಳಿಗೆ ಕೊಟ್ಟಿಗೆಹಾರದ ಮೇಲಿನ ಚಾರ್ಮಾಡಿ ಘಾಟಿ ಹತ್ತಿರದ ದಾರಿ. ಆದರೆ ಅಲ್ಲಿನ ಕಡಿದಾದ ತಿರುವುಗಳಲ್ಲಿ ಉದ್ದನೆಯ ಲಾರಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಹಿಂದೆ ಮುಂದೆ ಮಾಡುವಷ್ಟರಲ್ಲಿ ಇಡೀ ಘಾಟಿ ನಿಲ್ಲುತ್ತದೆ, ಆದ್ದರಿಂದ ಭಾರದ ವಾಹನಗಳಿಗೆ ಅಲ್ಲಿ ನಿರ್ಬಂಧ. ಅವು ಮಡಿಕೇರಿ–ಸುಳ್ಯ ನಡುವಿನ ಸಂಪಾಜೆಯಂತಹ ದಾರಿ ಹುಡುಕಬೇಕು, ಮಳೆಗಾಲದಲ್ಲಿ ಅಲ್ಲಿಯೂ ನಿರ್ಬಂಧ ಬರಬಹುದು. ಆದೇಶ ಗಂಟೆಗಳಲ್ಲಿ ಬದಲಾಗುವುದೂ ಉಂಟು. 2024ರ ಜುಲೈಯಲ್ಲಿ ಸಕಲೇಶಪುರದ ಬಳಿ ದೊಡ್ಡತಪ್ಪಲಿನಲ್ಲಿ ಗುಡ್ಡ ಕುಸಿದಾಗ ಬೆಳಿಗ್ಗೆ ತೆರೆದಿದ್ದ ದಾರಿಯನ್ನು ನಂಬಿ ಹೊರಟವರು ದಾರಿಯಲ್ಲೇ ಉಳಿದರು.

ನಕ್ಷೆಗೂ ಫಲಕಕ್ಕೂ ಜಗಳ ಬಂದರೆ ಫಲಕದ ಪರ ನಿಲ್ಲಿ. ಬದಲಿ ಮಾರ್ಗ ಬಿಟ್ಟು ನಕ್ಷೆ ತೋರಿದ ತೋಟದ ರಸ್ತೆಗೆ ಇಳಿದರೆ, ಆ ಕಿರುಸೇತುವೆ ನಿಮ್ಮ ವಾಹನದ ಭಾರ ತಡೆಯುತ್ತದೆಯೇ ಎಂದು ನಕ್ಷೆ ಹೇಳುವುದಿಲ್ಲ.

ದ್ವಿಚಕ್ರ ಸವಾರರಿಗೆ ಬೇರೆ ಎಚ್ಚರಿಕೆ ಇದೆಯೇ?

ಇದೆ, ಮುಖ್ಯವಾಗಿ ಮೂರು ವಿಷಯ. ಹಳೆಯ ಪದರ ಕೆತ್ತಿದ ಜಾಗದಲ್ಲಿ ಎರಡು ಪಥಗಳ ನಡುವೆ ಉದ್ದಕ್ಕೂ ಮೆಟ್ಟಿಲು ಬಿದ್ದಿರುತ್ತದೆ. ಎರಡು ಮೂರು ಅಂಗುಲವಾದರೂ ಅದನ್ನು ಸವರಿಕೊಂಡಂತೆ ದಾಟಲು ಹೋದರೆ ಮುಂದಿನ ಚಕ್ರ ಅಂಚಿಗೆ ಸಿಕ್ಕಿ ಬೈಕ್ ಮಲಗುತ್ತದೆ. ದಾಟಲೇಬೇಕಾದರೆ ವೇಗ ಇಳಿಸಿ, ಆದಷ್ಟು ಲಂಬಕೋನಕ್ಕೆ ಹತ್ತಿರವಾಗಿ ಹತ್ತಿಸಿ. ಎರಡನೆಯದು ಹೊಸ ಪದರಕ್ಕೆ ಮುನ್ನ ಸಿಂಪಡಿಸುವ ತೆಳು ಡಾಂಬರು. ಕಪ್ಪಗೆ ಹೊಳೆಯುವ ಆ ನೆಲ ಜಾರುತ್ತದೆ, ಅದರ ಮೇಲೆ ಮುಂದಿನ ಬ್ರೇಕ್ ಹಿಡಿಯಬೇಡಿ. ಮೂರನೆಯದು ಗುಂಡಿಗೆ ಮುಚ್ಚಿದ ಕಬ್ಬಿಣದ ತಗಡು. ಒಣಗಿದ್ದಾಗ ನಿರಪಾಯ, ನಾಲ್ಕು ಹನಿ ಬಿದ್ದರೆ ಹಾಗಲ್ಲ. ಹ್ಯಾಂಡಲ್ ನೇರವಾಗಿಟ್ಟು ದಾಟಿ, ತಗಡಿನ ಮೇಲೆ ತಿರುಗಿಸಬೇಡಿ.

ಕಾರಿನವರಿಗೂ ಒಂದು ಮಾತು: ಮುಂದಿನ ಬೈಕ್ ಸವಾರ ಕಾರಣವಿಲ್ಲದೆ ನಡುಪಥದಲ್ಲಿ ತೆವಳುತ್ತಿದ್ದಾನೆ ಎನಿಸಿದರೆ, ನಿಮಗೆ ಕಾಣದ ಮೆಟ್ಟಿಲು ಅವನಿಗೆ ಕಂಡಿದೆ.

ಏಕಪಥದಲ್ಲಿ ಆಂಬುಲೆನ್ಸ್ ಬಂದರೆ ಎಲ್ಲಿಗೆ ಸರಿಯುವುದು?

ಕೋನ್ ದಾಟಿ ಅಗೆದ ಜಾಗಕ್ಕೆ ಇಳಿಯಬೇಡಿ. ಏಕಪಥದೊಳಗೆ ಇದ್ದರೆ ನಿಲ್ಲದೆ ಸಾಗಿ, ಅಗಲ ಸಿಕ್ಕ ಮೊದಲ ಜಾಗದಲ್ಲಿ ಬಿಡಿ. ಹೊರಗೆ ಕಾಯುತ್ತಿದ್ದರೆ ಎಡಕ್ಕೆ ಒತ್ತಿ ನಿಂತು ಬಾವುಟದವನಿಗೆ ಕೂಗಿ ಹೇಳಿ, ಎದುರಿನವರನ್ನು ತಡೆಯುವುದು ಅವನಿಂದ ಮಾತ್ರ ಸಾಧ್ಯ. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ ಕಾಯ್ದೆಯಲ್ಲಿ ಹತ್ತು ಸಾವಿರ ರೂಪಾಯಿ ದಂಡವಿದೆ.

ತಾತ್ಕಾಲಿಕ ವೇಗಮಿತಿ ಮೀರಿದರೆ ದಂಡ ಎಷ್ಟು?

ಎಂದಿನ ವೇಗಮಿತಿ ಮೀರಿದಷ್ಟೇ. 183ನೇ ಕಲಮಿನಲ್ಲಿ ಕಾರಿನಂತಹ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರದ ವಾಹನಕ್ಕೆ 2,000ದಿಂದ 4,000. ಅಪಾಯಕಾರಿ ಚಾಲನೆ ಎಂದಾದರೆ 184ನೇ ಕಲಂ ಬರುತ್ತದೆ, ಅಲ್ಲಿ ಜೈಲುವಾಸಕ್ಕೂ ಅವಕಾಶವಿದೆ. ಕಾಮಗಾರಿ ವಲಯವೆಂದು ದಂಡ ದುಪ್ಪಟ್ಟಾಗುವ ಪದ್ಧತಿ ಅಮೆರಿಕದ ಹಲವು ರಾಜ್ಯಗಳಲ್ಲಿದೆ. ಅಲ್ಲಿಂದ ಬಂದ ಬಂಧುಗಳು ಹೇಳಿದ್ದನ್ನು ಇಲ್ಲಿಗೆ ಅನ್ವಯಿಸಬೇಡಿ.

ಫಲಕವೂ ಇರಲಿಲ್ಲ, ದೀಪವೂ ಇರಲಿಲ್ಲ. ರಾತ್ರಿ ಅಗೆದ ಗುಂಡಿಗೆ ಬಿದ್ದೆ. ತಪ್ಪು ಯಾರದು?

ಫಲಕ, ತಡೆ, ದೀಪ ಇಡುವುದು ಗುತ್ತಿಗೆದಾರನ ಕರ್ತವ್ಯ, ಇಡಿಸುವುದು ಇಲಾಖೆಯ ಕರ್ತವ್ಯ. 2019ರಲ್ಲಿ ಸೇರಿದ 198ಎ ಕಲಂ ಪ್ರಕಾರ ನಿಗದಿತ ಸುರಕ್ಷತಾ ಮಾನದಂಡ ಪಾಲಿಸದೆ ಅದರಿಂದ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಜೀವದ ಎದುರು ಮೊತ್ತ ಸಣ್ಣದು, ಅದು ಹೋಗುವುದೂ ಸರ್ಕಾರದ ನಿಧಿಗೆ, ಗಾಯಾಳುವಿಗಲ್ಲ. ಆದರೆ ಹೊಣೆ ಯಾರದೆಂದು ಹೆಸರಿಸಿದ್ದೇ ಇದರ ಉಪಯೋಗ. ಪರಿಹಾರದ ದಾವೆ ಬೇರೆ, ಅದಕ್ಕೆ ವಕೀಲರನ್ನು ಕಾಣಿ.

ಎದುರು ಪಕ್ಷ ಮೊದಲು ಕೇಳುವ ಪ್ರಶ್ನೆ ನಿಮ್ಮ ವೇಗ ಎಷ್ಟಿತ್ತು ಎಂಬುದು. ಮರುದಿನ ಬೆಳಿಗ್ಗೆ ಆ ಜಾಗದಲ್ಲಿ ಹೊಸ ಬ್ಯಾರಿಕೇಡ್ ನಿಂತಿರುವುದೂ ಬಹಳ ಸಾಮಾನ್ಯ. ಆದ್ದರಿಂದ ಚಿಕಿತ್ಸೆಯ ವ್ಯವಸ್ಥೆಯಾದ ಕೂಡಲೇ, ಜೊತೆಗಿದ್ದವರಿಂದಲಾದರೂ, ರಾತ್ರಿಯೇ ಚಿತ್ರ ತೆಗೆಸಿ. ಗುಂಡಿಯ ಹತ್ತಿರದ ಚಿತ್ರವಷ್ಟೇ ಸಾಲದು, ನೀವು ಬಂದ ದಿಕ್ಕಿನಲ್ಲಿ ಹಿಂದಕ್ಕೆ ಐದಾರು ನೂರು ಮೀಟರ್ ಯಾವ ಫಲಕವೂ ಇರಲಿಲ್ಲ ಎಂದು ತೋರಿಸುವ ವಿಡಿಯೊ ಬೇಕು. ಗಾಯ ಅಥವಾ ಸಾವು ಆಗಿದ್ದರೆ ಪೊಲೀಸರಿಗೆ ತಿಳಿಸಲು ಕಾಯ್ದೆ ಕೊಟ್ಟ ಗಡುವು ಇಲ್ಲಿಯೂ 24 ಗಂಟೆ.

ಬದಲಾಗಿ ನಿಮ್ಮ ವಾಹನ ಕಾರ್ಮಿಕರಿಗೆ ತಗುಲಿದ್ದರೆ ನಿಂತು, ಚಿಕಿತ್ಸೆಗೆ ಸಾಗಿಸುವುದು ಮೊದಲ ಕೆಲಸ. ‘ರಸ್ತೆಗೆ ಅಡ್ಡ ಬಂದರು’ ಎಂಬ ಮಾತು ಕಾಮಗಾರಿ ವಲಯದಲ್ಲಿ ಹೆಚ್ಚು ನಡೆಯುವುದಿಲ್ಲ. ಅವರು ಅಲ್ಲಿ ಇರುತ್ತಾರೆ ಎಂದು ಹೇಳಲೆಂದೇ ಫಲಕ ಹಾಕಿದ್ದು.

ದೂರು ಎಲ್ಲಿಗೆ? ಏನು ಹೇಳಬೇಕು?

ರಾಷ್ಟ್ರೀಯ ಹೆದ್ದಾರಿಗೆ ಸಹಾಯವಾಣಿ 1033, ದಿನದ ಇಪ್ಪತ್ತನಾಲ್ಕು ಗಂಟೆಯೂ ಇರುತ್ತದೆ. ಜೀವಕ್ಕೆ ಅಪಾಯವಿದ್ದರೆ 112. ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆಯ ಸ್ಥಳೀಯ ಕಚೇರಿ, ಪಟ್ಟಣದೊಳಗಾದರೆ ನಗರಾಡಳಿತ ಮತ್ತು ಸಂಚಾರ ಠಾಣೆ.

‘ಗುಂಡ್ಯದ ಹತ್ತಿರ ಕೋನ್ ಬಿದ್ದಿದೆ’ ಎಂದರೆ ಯಾರೂ ಹುಡುಕಿಕೊಂಡು ಬರುವುದಿಲ್ಲ. ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ. ಕಲ್ಲುಗಳ ನಡುವೆ ಪ್ರತಿ 200 ಮೀಟರಿಗೆ ಸಣ್ಣ ಕಲ್ಲುಗಳೂ ಇರುತ್ತವೆ, ಕಂಡರೆ ಅದನ್ನೂ ಸೇರಿಸಿ. ನೀವು ಯಾವ ಊರಿನ ಕಡೆಗೆ ಹೋಗುತ್ತಿದ್ದಿರಿ, ಅಪಾಯ ಎಡಕ್ಕೋ ಬಲಕ್ಕೋ, ಎಷ್ಟು ಗಂಟೆಗೆ ಕಂಡಿರಿ, ಇಷ್ಟು ಸಾಕು. ಕರೆ ಮಾಡುವುದು ವಾಹನವನ್ನು ವಲಯದ ಆಚೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿದ ಮೇಲೆ. ಕೊಟ್ಟ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಎರಡು ದಿನ ಬಿಟ್ಟು ಅದೇ ದಾರಿಯಲ್ಲಿ ಬಂದಾಗ ಏನೂ ಬದಲಾಗಿರದಿದ್ದರೆ ಹೊಸ ದೂರು ಕೊಡುವ ಬದಲು ಆ ಸಂಖ್ಯೆಯನ್ನೇ ಹೇಳಿ ಕೇಳಿ.